ಹೆಬ್ಬೆರಳಿನ ಅಡಿಯ ಮುಹೂರ್ತ

ಮದುವೆ ಕಾರ್ಡು ಈಗ ಮನೆಗೆ ಬರುವುದಕ್ಕೆ ಮೊದಲು ಫೋನಿಗೆ ಬಂದುಬಿಡುತ್ತದೆ. ಯಾರೋ ಒಬ್ಬರು ಅದನ್ನು ಮಂಚದ ಮೇಲೆ ಬಿಡಿಸಿ, ಎದ್ದು ನಿಲ್ಲುವ ಮಡಿಕೆಯನ್ನು ಎಡಗೈಯಲ್ಲಿ ಒತ್ತಿಹಿಡಿದು, ಬಲಗೈಯಲ್ಲಿ ಫೋಟೋ ತೆಗೆದು, ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಕೆಳಗೆ ಮುಗಿದ ಕೈಗಳ ಸಾಲು ಶುರುವಾಗುತ್ತದೆ. ಕಾರ್ಡನ್ನು ಮಾತ್ರ ಯಾರೂ ಓದಿರುವುದಿಲ್ಲ.

ನಾನು ಓದುತ್ತೇನೆ. ಚಟ ಎನ್ನಿ. 2025ರ ಬೇಸಿಗೆಯಲ್ಲಿ ನಮ್ಮ ದಾಯಾದಿ ಮನೆಯ ಹುಡುಗಿಯೊಬ್ಬಳ ಮದುವೆಯ ಕಾರ್ಡು ಹೀಗೇ ಬಂತು. ಮೊದಲು ನೋಡಿದ್ದು ಚಿಕ್ಕಮ್ಮ. ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಕುಗ್ಗಿಸಿ, ಕನ್ನಡಕ ಒರೆಸಿ ಮತ್ತೆ ನೋಡಿ, "ಏ, ಹೊತ್ತು ಎಲ್ಲಿದೆಯೋ ಇದರಲ್ಲಿ?" ಎಂದರು. ಹೊತ್ತು ಇತ್ತು, ಆದರೆ ಫೋಟೋ ತೆಗೆದವನ ಹೆಬ್ಬೆರಳಿನ ಅಡಿಯಲ್ಲಿತ್ತು. "ಸಲ್ಲುವ ಮಿಥುನ ಲಗ್ನದಲ್ಲಿ" ಎಂಬಲ್ಲಿಗೆ ಉಗುರಿನ ಅಂಚು ಬಂದು, ಗಂಟೆ ನಿಮಿಷವೆಲ್ಲ ಮಾಂಸಲವಾದ ಆ ಬೆರಳಿನೊಳಗೆ ಅಡಗಿತ್ತು. "ಫೋನ್ ಮಾಡಿ ಕೇಳಿಬಿಡೋಣ" ಎಂದೆ. "ಸುಮ್ಮನಿರು. ಕಾರ್ಡು ಕಳಿಸಿದ ಮೇಲೂ ಹೊತ್ತು ಕೇಳಿದರೆ ಓದಿಯೇ ಇಲ್ಲ ಅಂದುಕೊಳ್ತಾರೆ. ನೀನು ದೊಡ್ಡ ಓದುಗ ಅಲ್ಲವಾ, ನೋಡಿ ಹೇಳು" ಎಂದು ಫೋನನ್ನು ನನ್ನ ಕೈಗೆ ದಾಟಿಸಿದರು.

ಸರಿ, ಮೇಲಿನಿಂದಲೇ ಶುರುಮಾಡಿದೆ. ಮೇಲೆ ಗಣಪತಿ. ಬಂಗಾರದ ಬಣ್ಣದ ಹಾಳೆಯನ್ನು ಬಿಸಿಯಲ್ಲಿ ಒತ್ತಿ ಮೂಡಿಸಿದ ಗಣಪತಿ ಆದ್ದರಿಂದ ಟ್ಯೂಬ್‌ಲೈಟ್ ಬೆಳಕೆಲ್ಲ ಅವನ ಮೇಲೇ ಬಿದ್ದು, ಚಿತ್ರದಲ್ಲಿ ಅವನಿರಬೇಕಾದ ಜಾಗದಲ್ಲಿ ಒಂದು ಬಿಳಿ ಮಚ್ಚೆ ಮಾತ್ರ ಕಾಣುತ್ತಿತ್ತು. ಸೊಂಡಿಲಿನ ತುದಿ ಇದ್ದುದರಿಂದ ಗುರುತು ಸಿಕ್ಕಿತು. ಎರಡು ಬದಿಗೆ ಬಾಳೆಕಂಬ, ಮೇಲೆ ಮಾವಿನ ತೋರಣ, ಕೆಳಗೊಂದು ಕಳಶ, ಮೂಲೆಯಲ್ಲಿ ನಾದಸ್ವರದವನು. ಈ ಚಿತ್ರಗಳನ್ನು ನೋಡಿ ಆ ಮನೆಯವರ ವಿಷಯ ಏನನ್ನೂ ತಿಳಿಯಲಾಗದು, ಏಕೆಂದರೆ ಇವು ಮನೆಯವರು ಬರೆಸಿದ್ದಲ್ಲ. ಬೆಂಗಳೂರಿನ ಸುಲ್ತಾನ್‌ಪೇಟೆಗೆ ಹೋದರೆ ಸಾಲು ಸಾಲು ಕಾರ್ಡಿನ ಅಂಗಡಿಗಳಿವೆ. ಅಲ್ಲಿ ಗಣಪತಿ, ತೋರಣ, ನವಿಲು ಎಲ್ಲ ಮೊದಲೇ ಅಚ್ಚಾಗಿರುವ ಖಾಲಿ ಕಾರ್ಡುಗಳ ದಪ್ಪ ಆಲ್ಬಮ್ಮುಗಳನ್ನು ಮುಂದಿಡುತ್ತಾರೆ. ನಂಬರು ತೋರಿಸಿ ಇಂತಿಷ್ಟು ಬೇಕು ಎಂದರೆ, ಒಳಗಿನ ಅಕ್ಷರವನ್ನಷ್ಟೇ ಆಮೇಲೆ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಹಾಕಿಕೊಡುತ್ತಾರೆ. ಅದೇ ಗಣಪತಿ ಇನ್ನೆಷ್ಟು ಮನೆಗಳ ಮದುವೆಗೆ ಕೂತಿದ್ದಾನೋ. ಆಯ್ಕೆಯ ಹೊತ್ತಿನಲ್ಲಿ ಮನೆಯವರ ನಡುವೆ ಚರ್ಚೆಯಾಗುವುದು ಬೆಲೆ ಮತ್ತು ಬಣ್ಣದ ಮೇಲೆ. ಕಪ್ಪು ಮತ್ತು ಕಡುನೀಲಿ ಬೇಡ ಎನ್ನುವ ಅಜ್ಜಿ, ಅದೇ ಬೇಕು ಎನ್ನುವ ಮದುಮಗಳು, ಕೊನೆಗೆ ಮೆರೂನ್.

ಮನೆ ಎಂಬುದು ಮಾತನಾಡಲು ಶುರುಮಾಡುವುದು ಗಣಪತಿಯ ನೆತ್ತಿಯ ಮೇಲೆ, ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ. ಫೋಟೋ ತೆಗೆಯುವವರು ಹೆಚ್ಚಾಗಿ ಕತ್ತರಿಸಿಬಿಡುವುದೂ ಈ ಸಾಲನ್ನೇ. ನಮ್ಮ ಚಿತ್ರದಲ್ಲಿ ಪುಣ್ಯಕ್ಕೆ ಉಳಿದಿತ್ತು. ನಡುವೆ "ಶ್ರೀ ಶಾರದಾಂಬಾ ಪ್ರಸನ್ನ", ಎಡಕ್ಕೆ "ಶ್ರೀ ಗುರುಭ್ಯೋ ನಮಃ", ಬಲಕ್ಕೆ "ಶ್ರೀ ಭೀಮಲಿಂಗೇಶ್ವರ ಪ್ರಸನ್ನ". ಶಾರದಾಂಬೆ ಎಂದರೆ ಶೃಂಗೇರಿ ಮಠದ ಶಿಷ್ಯರು. ಭೀಮಲಿಂಗೇಶ್ವರ ಎಂದರೆ ಕೈವಾರದ ದೇವರು, ಹಾಗಾಗಿ ಮೂಲ ಚಿಂತಾಮಣಿಯ ಸುತ್ತಿನದು. ಮಾಧ್ವರಾಗಿದ್ದರೆ ಆ ಜಾಗದಲ್ಲಿ ಗುರುರಾಜರು ವಿಜಯಿಸುತ್ತಿದ್ದರು, ಶ್ರೀವೈಷ್ಣವರಾಗಿದ್ದರೆ ಶಂಖಚಕ್ರಗಳ ನಡುವೆ ನಾಮ ಬರುತ್ತಿತ್ತು, ಜೈನರಾಗಿದ್ದರೆ ವೀತರಾಗನಿಗೆ ನಮಸ್ಕಾರ. ಲಿಂಗಾಯತರ ಕಾರ್ಡಿನಲ್ಲಿ ಬಸವಣ್ಣನ ಚಿತ್ರವೋ ವಚನವೋ ಇದ್ದು, ಕೆಳಗೆ ದಿವ್ಯ ಸಾನ್ನಿಧ್ಯ ವಹಿಸುವ ಸ್ವಾಮಿಗಳ ಹೆಸರಿರುತ್ತದೆ. ಆ ಹೆಸರಿನ ಹಿಂದೆ "ಷ.ಬ್ರ." ಎಂದಿದೆಯೋ "ಮ.ನಿ.ಪ್ರ." ಎಂದಿದೆಯೋ ನೋಡಿದರೆ ಗುರುಪೀಠದವರೋ ವಿರಕ್ತಮಠದವರೋ ಎಂಬುದೂ ಗೊತ್ತಾಗುತ್ತದೆ. ಏನೂ ಇಲ್ಲದೆ ಬರೀ ದಿನಾಂಕ, ಜಾಗ, ಎರಡು ಹೆಸರು ಇದ್ದರೆ ಕುವೆಂಪು ರೂಪಿಸಿಕೊಟ್ಟ ಮಂತ್ರ ಮಾಂಗಲ್ಯ ಇರಬಹುದು ಎಂದು ನನ್ನ ಊಹೆ. ಪುರೋಹಿತರೂ ಬೇಡ, ರಾಹುಕಾಲವೂ ಬೇಡ ಎಂದವರ ಕಾರ್ಡಿನಲ್ಲಿ ಓದುವುದಕ್ಕೆ ಏನೂ ಇರುವುದಿಲ್ಲ ಎಂಬುದಷ್ಟೇ ನನ್ನಂಥವರ ದೂರು.

ಗಣಪತಿಯ ಕೆಳಗೆ ಶ್ಲೋಕ. ಫೋಟೋದಲ್ಲಿ ಇದು ಬಹಳ ಬೇಗ ಹಾಳಾಗುವ ಭಾಗ. ಒತ್ತಕ್ಷರ ತುಂಬಿದ ಸಂಸ್ಕೃತವನ್ನು ಸಣ್ಣಕ್ಷರದಲ್ಲಿ ಬಂಗಾರದ ಬಣ್ಣದಲ್ಲಿ ಹಾಕಿರುತ್ತಾರೆ. ಒಬ್ಬರಿಂದೊಬ್ಬರಿಗೆ ದಾಟುತ್ತ ಚಿತ್ರ ಸೊರಗಿದಂತೆಲ್ಲ ಒತ್ತುಗಳು ಕರಗಿ ಬರೀ ಗೀರುಗಳು ಉಳಿಯುತ್ತವೆ. ಆದರೂ ಯಾವ ಶ್ಲೋಕ ಎಂದು ಹೇಳಬಹುದು. ಅಕ್ಷರ ಕಾಣದಿದ್ದರೂ ಸಾಲಿನ ಉದ್ದ ಕಾಣುತ್ತದಲ್ಲ. ಮದುವೆ ಕಾರ್ಡಿನಲ್ಲಿ ಓಡಾಡುವ ಶ್ಲೋಕಗಳು ಬೆರಳೆಣಿಕೆಯವು. ಗಣಪತಿಯ ವಕ್ರತುಂಡ, ತಾಳಿ ಕಟ್ಟುವಾಗ ಹೇಳುವ ಮಾಂಗಲ್ಯಂ, ಎರಡೂ ಅನುಷ್ಟುಪ್ಪು, ಪಾದಕ್ಕೆ ಎಂಟೇ ಅಕ್ಷರ. ಅವು ಕಾರ್ಡಿನ ನಡುವೆ ಗಿಡ್ಡಗೆ ನಿಲ್ಲುತ್ತವೆ. ನಾಲ್ಕು ಸಾಲು ಒಂದೇ ಅಳತೆಯಲ್ಲಿ ಈ ಅಂಚಿನಿಂದ ಆ ಅಂಚಿನವರೆಗೂ ಚಾಚಿಕೊಂಡಿದ್ದರೆ ಅದು ಶಾರ್ದೂಲವಿಕ್ರೀಡಿತ, ಪಾದಕ್ಕೆ ಹತ್ತೊಂಬತ್ತು ಅಕ್ಷರ. ಮದುವೆಯ ಕಾರ್ಡಿನಲ್ಲಿ ಶಾರ್ದೂಲವಿಕ್ರೀಡಿತ ಎಂದರೆ ನೂರಕ್ಕೆ ತೊಂಬತ್ತು ಪಾಲು ಜಾನಕಿಯ ಹೆಸರಿನಿಂದ ಶುರುವಾಗುವ ಆ ಶ್ಲೋಕ.

ನಮ್ಮದು ಉದ್ದ ಸಾಲಿನದು. ಚಿಕ್ಕಮ್ಮನಿಗೆ ಅರ್ಥ ಹೇಳಿದೆ. ಸೀತೆ ಮದುವೆಯಲ್ಲಿ ರಾಮನ ತಲೆಯ ಮೇಲೆ ಬೊಗಸೆ ತುಂಬ ಮುತ್ತು ಸುರಿಯುತ್ತಾಳೆ. ಅವಳ ಕೆಂಪಾದ ಅಂಗೈಯಲ್ಲಿದ್ದಾಗ ಆ ಮುತ್ತು ಪದ್ಮರಾಗದ ಹಾಗೆ ಕೆಂಪು. ರಾಮನ ತಲೆಯ ಮೇಲೆ ಬಿದ್ದಾಗ ಕುಂದದ ಹೂವಿನ ಹಾಗೆ ಬಿಳುಪು. ಅಲ್ಲಿಂದ ಜಾರಿ ಅವನ ಶ್ಯಾಮಲ ಮೈಯ ಮೇಲಿಳಿಯುವಾಗ ಇಂದ್ರನೀಲದ ಹಾಗೆ ನೀಲಿ. ಇಂಥ ಮುತ್ತುಗಳು ನಿಮಗೆಲ್ಲ ಒಳ್ಳೆಯದು ಮಾಡಲಿ ಎಂದು ಕೊನೆ. ಮದುವೆಯ ಶ್ಲೋಕಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಇದರಲ್ಲಿ ಹೆಂಡತಿಗೆ ಉಪದೇಶವಿಲ್ಲ, ಗಂಡನ ಆಯುಸ್ಸಿನ ಮಾತಿಲ್ಲ. ಒಂದು ಬೊಗಸೆ ಮುತ್ತು ಕೈಯಿಂದ ಭುಜಕ್ಕೆ ಇಳಿಯುವಷ್ಟು ಹೊತ್ತು ಮಾತ್ರ ಇದೆ. ಚಿಕ್ಕಮ್ಮ ಕೇಳಿ, "ತೆಲುಗಿನವರ ಕಾರ್ಡಿನಲ್ಲಿ ಯಾವಾಗಲೂ ಇರುತ್ತೆ ಇದು" ಎಂದರು. ಅದೂ ನಿಜ. ತಲಂಬ್ರಾಲು ಎಂದು ಗಂಡು ಹೆಣ್ಣು ಪೈಪೋಟಿಯಲ್ಲಿ ಅಕ್ಕಿ ಸುರಿದುಕೊಳ್ಳುವ ಅವರ ಶಾಸ್ತ್ರಕ್ಕೆ ಇದು ಒಪ್ಪುತ್ತದೆ. ಚಿಂತಾಮಣಿಯಿಂದ ಆಂಧ್ರದ ಗಡಿಗೆ ಎಷ್ಟು ಮಹಾ ದೂರ? ಶಾರದಾಂಬೆ ಪಡುವಣದಿಂದ, ತಲಂಬ್ರಾಲು ಮೂಡಣದಿಂದ ಬಂದು ಒಂದೇ ಕಾರ್ಡಿನಲ್ಲಿ ಸೇರಿದ್ದರು.

ಇನ್ನು ನಡುವಿನ ಗದ್ಯ. ಇದು ಅಂಗಡಿಯದೂ ಅಲ್ಲ, ಮನೆಯದೂ ಅಲ್ಲ, ಪುರೋಹಿತರದು. ನಿಶ್ಚಿತಾರ್ಥದ ದಿನ ಪುರೋಹಿತರು ಒಂದು ಹಾಳೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಕೈಯಾರೆ ಬರೆದು, ಸಭೆಯಲ್ಲಿ ಗಟ್ಟಿಯಾಗಿ ಓದಿ, ಎರಡೂ ಕಡೆಯವರಿಗೆ ಕೊಡುತ್ತಾರಲ್ಲ, ಆ ಲಗ್ನಪತ್ರಿಕೆಯ ವಾಕ್ಯವನ್ನೇ ಅಚ್ಚಿನವರು ಇಳಿಸಿಕೊಳ್ಳುತ್ತಾರೆ. ನಮ್ಮ ಕಾರ್ಡಿನಲ್ಲಿ ಇದ್ದದ್ದು ಹೀಗೆ: "ಸ್ವಸ್ತಿ ಶ್ರೀ ನೃಪಶಾಲಿವಾಹನ ಶಕ 1947ನೇ ವಿಶ್ವಾವಸು ನಾಮ ಸಂವತ್ಸರದ ವೈಶಾಖ ಶುದ್ಧ ತದಿಗೆ, ಬುಧವಾರ, ದಿನಾಂಕ 30-4-2025, ರೋಹಿಣಿ ನಕ್ಷತ್ರ, ಸಲ್ಲುವ ಮಿಥುನ ಲಗ್ನದಲ್ಲಿ". ಆಮೇಲೆ ಹೆಬ್ಬೆರಳು.

ಒಂದೇ ದಿನವನ್ನು ಇಷ್ಟು ಸಲ ಹೇಳುವುದು ಆಡಂಬರ ಎಂದು ಹೊಸಬರಿಗೆ ಅನ್ನಿಸುತ್ತದೆ. ನನಗೆ ಅದು ಲೆಕ್ಕದ ತಾಳೆ. ಯಾವುದಾದರೂ ಒಂದು ಅಳಿಸಿಹೋದರೆ ಉಳಿದವು ಅದನ್ನು ಹಿಡಿದುಕೊಡುತ್ತವೆ. ಶಕಕ್ಕೆ 78 ಕೂಡಿಸಿದರೆ 2025, ಸರಿ. (ಜನವರಿಯಿಂದ ಯುಗಾದಿಯವರೆಗಿನ ಮದುವೆಗಳಾದರೆ 79 ಕೂಡಿಸಬೇಕು, ಏಕೆಂದರೆ ಇಂಗ್ಲಿಷ್ ವರ್ಷ ಬದಲಾಗಿದ್ದರೂ ಶಕ ಬದಲಾಗಿರುವುದಿಲ್ಲ.) ವೈಶಾಖ ಶುದ್ಧ ತದಿಗೆ ಎಂದರೆ ಅಕ್ಷಯ ತದಿಗೆ. ಬಸವ ಜಯಂತಿಯೂ ಅಂದೇ, ಸರ್ಕಾರಿ ರಜ. ಅದಕ್ಕೇ ಛತ್ರ ಸಿಗುವುದು ಕಷ್ಟ, ಬಸ್ಸು ಸಿಗುವುದು ಇನ್ನೂ ಕಷ್ಟ. ಅಂದಹಾಗೆ ಅಕ್ಷಯ ತದಿಗೆ ಹತ್ತಿರ ಬಂದಾಗ ಬಾಲ್ಯವಿವಾಹ ತಡೆಯುವ ಅಧಿಕಾರಿಗಳು ಕಾರ್ಡು ಅಚ್ಚು ಹಾಕುವವರಿಗೂ ವಯಸ್ಸಿನ ದಾಖಲೆ ನೋಡಿಯೇ ಕೆಲಸ ಹಿಡಿಯಿರಿ ಎಂದು ಹೇಳಿಕಳಿಸುವುದುಂಟು. ಹುಡುಗಿಗೆ 18, ಹುಡುಗನಿಗೆ 21.

ಹೊತ್ತು ಹಿಡಿಯುವ ದಾರಿ ಲಗ್ನದಲ್ಲಿದೆ. ಪಂಚಾಂಗದವರಿಗೆ ಇದು ಬಾಲಪಾಠ. ಪೂರ್ವದ ಅಂಚಿನಲ್ಲಿ ಆ ಹೊತ್ತಿಗೆ ಯಾವ ರಾಶಿ ಮೂಡುತ್ತಿದೆಯೋ ಅದೇ ಲಗ್ನ. ಹಗಲು ರಾತ್ರಿ ಸೇರಿ ಹನ್ನೆರಡು ರಾಶಿ ಮೂಡಬೇಕು, ಆದ್ದರಿಂದ ಒಂದೊಂದಕ್ಕೆ ಸುಮಾರು ಎರಡು ಗಂಟೆ. ಸೂರ್ಯ ಯಾವ ರಾಶಿಯಲ್ಲಿರುತ್ತಾನೋ ಆ ರಾಶಿ ಸೂರ್ಯನ ಜೊತೆಗೇ ಹುಟ್ಟುತ್ತದೆ. ಏಪ್ರಿಲ್ 14ಕ್ಕೆ ಸೂರ್ಯ ಮೇಷಕ್ಕೆ ಬಂದ. 30ನೇ ತಾರೀಕಿಗೆ ಮೇಷದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ದಾಟಿದ್ದಾನೆ. ಅಂದರೆ ಬೆಳಿಗ್ಗೆ ಆರು ಗಂಟೆಗೆ ಅವನು ಹುಟ್ಟುವಾಗ ಮೇಷದ ಅರ್ಧ ಆಗಲೇ ಮೇಲೆ ಬಂದಿರುತ್ತದೆ, ಉಳಿದಿರುವುದು ಐವತ್ತು ನಿಮಿಷದಷ್ಟು. ಆರೂ ಐವತ್ತಕ್ಕೆ ವೃಷಭ ಶುರು. ಅದು ಎರಡು ಗಂಟೆ ನಡೆದು ಎಂಟೂ ಮುಕ್ಕಾಲರ ಮೇಲೆ ಮಿಥುನ, ಅದು ಹನ್ನೊಂದರ ಆಸುಪಾಸಿನವರೆಗೆ. ಎಲ್ಲ ರಾಶಿಗಳೂ ಒಂದೇ ಅವಧಿಯವಲ್ಲ, ಊರು ಬದಲಾದರೂ ಸ್ವಲ್ಪ ಆಚೀಚೆ ಆಗುತ್ತದೆ, ಹಾಗಾಗಿ ಕಾಲು ಗಂಟೆ ಹಿಂದುಮುಂದು ಎಂದಿಟ್ಟುಕೊಳ್ಳಿ. "ಒಂಬತ್ತರಿಂದ ಹನ್ನೊಂದರೊಳಗೆ ಚಿಕ್ಕಮ್ಮ" ಎಂದೆ. "ಮಧ್ಯಾಹ್ನ ಯಾಕಾಗಬಾರದು?" ಎಂದರು. ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ, ನಡುಹಗಲಿನ ಅಭಿಜಿನ್ ಮುಹೂರ್ತವನ್ನು ಬುಧವಾರದ ದಿನ ಇಡುವುದಿಲ್ಲ ಎಂದು ಹೇಳಿದ್ದಕ್ಕೆ, ಅದು ತನಗೂ ಗೊತ್ತು ಎಂಬಂತೆ ಮುಖ ಮಾಡಿದರು. ಸಂಜೆಗೆ ಬೇರೊಬ್ಬರು ಬೆರಳಿಲ್ಲದ ಫೋಟೋ ಹಾಕಿದರು. 9.15ರಿಂದ 10.20.

ಈ ಲೆಕ್ಕ ಬಲ್ಲವರಿಗೆ ಅಚ್ಚಿನ ತಪ್ಪೂ ಸಿಕ್ಕಿಬೀಳುತ್ತದೆ. ಅಚ್ಚಿನವರು ಪ್ರತಿ ಸಲ ಹೊಸದಾಗಿ ಟೈಪು ಮಾಡುವುದಿಲ್ಲ. ಹಳೆಯ ಮದುವೆಯ ಫೈಲು ತೆರೆದು ಹೆಸರು ತಾರೀಕು ತಿದ್ದುತ್ತಾರೆ. ತಿದ್ದುವಾಗ ಗಂಡುಹೆಣ್ಣಿನ ಹೆಸರು, ಛತ್ರದ ವಿಳಾಸ ಎಲ್ಲವನ್ನೂ ಮನೆಯವರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ, ಲಗ್ನ ಮತ್ತು ನಕ್ಷತ್ರದ ಮೇಲೆ ಯಾರ ಕಣ್ಣೂ ಹೋಗುವುದಿಲ್ಲ. ನಮ್ಮ ಬಳಗದಲ್ಲೇ ಮಾರ್ಗಶಿರದ ಮದುವೆಯೊಂದರ ಕಾರ್ಡಿನಲ್ಲಿ ಬೆಳಿಗ್ಗೆ ಒಂಬತ್ತು ಗಂಟೆಗೆ ಮಿಥುನ ಲಗ್ನ ಎಂದಿತ್ತು. ಡಿಸೆಂಬರಿನಲ್ಲಿ ಮಿಥುನ ಮೂಡುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಯಾವುದೋ ಬೇಸಿಗೆಯ ಮದುವೆಯ ಲಗ್ನ ಚಳಿಗಾಲದ ಕಾರ್ಡಿನಲ್ಲಿ ಉಳಿದುಕೊಂಡಿತ್ತು. ಮದುವೆಗೇನೂ ತೊಂದರೆಯಾಗಲಿಲ್ಲ, ಪುರೋಹಿತರು ಕಾರ್ಡು ನೋಡಿ ತಾಳಿ ಕಟ್ಟಿಸುವುದಿಲ್ಲವಲ್ಲ.

ತೊಂದರೆಯಾಗುವುದು ಬೆಳಗಿನ ಜಾವದ ಮುಹೂರ್ತಗಳಲ್ಲಿ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಗುರುವಾರ ಹುಟ್ಟುವ ಮುಂಚಿನ ನಾಲ್ಕೂವರೆ ಪುರೋಹಿತರಿಗೆ ಇನ್ನೂ ಬುಧವಾರವೇ. ಅವರು ಬುಧವಾರ ಎಂದು ಬರೆದುಕೊಟ್ಟದ್ದಕ್ಕೆ ಅಚ್ಚಿನವರು ಬುಧವಾರದ ತಾರೀಕು ಹಾಕಿಬಿಟ್ಟರೆ ಮುಗಿಯಿತು. ಬಂಧುಗಳಲ್ಲಿ ಅರ್ಧ ಜನ ಒಂದು ದಿನ ಮೊದಲೇ ನಸುಕಿನಲ್ಲಿ ಛತ್ರದ ಬಾಗಿಲು ತಟ್ಟುತ್ತಾರೆ, ಒಳಗೆ ಕಾವಲುಗಾರನ ಗೊರಕೆ. ಅನುಭವಸ್ಥ ಪುರೋಹಿತರು "ಬುಧವಾರ ರಾತ್ರಿ, ಅಂದರೆ ಗುರುವಾರ ಬೆಳಗಿನ ಜಾವ" ಎಂದು ಎರಡನ್ನೂ ಬರೆಸುತ್ತಾರೆ. ಅಂಥ ಸಾಲು ಕಂಡರೆ ಎರಡು ಸಲ ಓದಿ.

ಹೆಸರುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಯಾರ ಹೆಸರು ಮೊದಲು ಬಂದಿದೆಯೋ ಅವರ ಕಡೆಯ ಕಾರ್ಡು. ಅಪ್ಪ ಅಮ್ಮ "ನಮ್ಮ ದ್ವಿತೀಯ ಪುತ್ರಿ ಚಿ|| ಸೌ||" ಎಂದು ಶುರುಮಾಡಿದ್ದರೆ ಹೆಣ್ಣಿನ ಮನೆಯದು, "ಚಿ|| ರಾ||" ಮುಂದೆ ಬಂದಿದ್ದರೆ ಗಂಡಿನ ಮನೆಯದು. ಹೆಸರಿನ ಹಿಂದೆ "ದಿ||" ಅಥವಾ "ಲಿಂ||" ಇದ್ದರೆ ಆ ಹಿರಿಯರು ಇಲ್ಲ, ಮದುವೆ ಮನೆಯಲ್ಲಿ ಅವರ ಯೋಗಕ್ಷೇಮ ಕೇಳಿ ಎಡವಟ್ಟು ಮಾಡಿಕೊಳ್ಳಬೇಡಿ. ಕೆಳಗಿನ "ಸುಖಾಗಮನ ಬಯಸುವ" ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಆ ಮನೆಯ ಜಗಳ ಮುಂದಿನ ಮದುವೆಯವರೆಗೂ ನಡೆಯುತ್ತದೆ. ತುದಿಯಲ್ಲಿ "ನಮ್ಮ ಚಿಕ್ಕಿ ಮದುವೆಗೆ ತಪ್ಪದೇ ಬನ್ನಿ" ಎಂದು ಕರೆಯುವ ಮಕ್ಕಳಿಗೆ ಮಾತ್ರ ಯಾರ ತಕರಾರೂ ಇಲ್ಲ. ಅವರಲ್ಲಿ ಒಂದಿಬ್ಬರು ಇನ್ನೂ ಮಾತು ಕಲಿತಿರುವುದಿಲ್ಲ.

ಬಲಗಡೆಯ ಪುಟದಲ್ಲಿ ಕಾರ್ಯಕ್ರಮಗಳ ಸಾಲು. 29ನೇ ಮಂಗಳವಾರ ಬೆಳಿಗ್ಗೆ ನಾಂದಿ, ಸಂಜೆ ಆರಕ್ಕೆ ವರಪೂಜೆ, ಏಳಕ್ಕೆ ಆರತಕ್ಷತೆ. 30ನೇ ಬುಧವಾರ ಕಾಶಿಯಾತ್ರೆ, ಮುಹೂರ್ತ, ಹನ್ನೆರಡೂವರೆಗೆ ಭೋಜನ. ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಭಾವನ ಮಗ ಇದನ್ನು ನೋಡಿ ಗಾಬರಿಯಾದ. ಮದುವೆಗೆ ಮುಂಚೆಯೇ ರಿಸೆಪ್ಷನ್ನೇ? ಹೌದು. ಬೆಂಗಳೂರು ಮೈಸೂರು ಕಡೆ ಛತ್ರವನ್ನು ಹಿಂದಿನ ಮಧ್ಯಾಹ್ನದಿಂದ ಹಿಡಿದಿರುತ್ತೇವೆ. ಆಫೀಸಿನವರು, ನೆರೆಹೊರೆಯವರು ಕೆಲಸ ಮುಗಿಸಿ ಸಂಜೆ ಬರಲಿ, ನೆಂಟರು ಬೆಳಿಗ್ಗೆಗೆ ಇರಲಿ ಎಂಬ ಏರ್ಪಾಡು. ಇನ್ನೂ ಗಂಡಹೆಂಡತಿಯಾಗದ ಇಬ್ಬರು ಸಿಂಹಾಸನದ ಮುಂದೆ ನಿಂತು ದಂಪತಿಗಳೆಂದು ಹರಸಿಸಿಕೊಳ್ಳುತ್ತಾರೆ. ಉತ್ತರ ಕರ್ನಾಟಕದವರಾಗಿದ್ದರೆ ಈ ಪುಟವೇ ಬೇರೆ. ದೇವರ ಕಾರ್ಯ, ಸುರಗಿ, ಆಮೇಲೆ ಅಕ್ಷತೆ. ಒಕ್ಕಲಿಗರ ಕಾರ್ಡಿನಲ್ಲಿ ಚಪ್ಪರ, ಧಾರಾ ಮುಹೂರ್ತ, ಮತ್ತು ಬೇರೊಂದು ದಿನಕ್ಕೆ ಬೇರೊಂದು ಜಾಗದಲ್ಲಿ ಬೀಗರ ಔತಣಕೂಟ. ಛತ್ರದಲ್ಲಿ ಮಾಡಲಾಗದ ಅಡುಗೆ ಅಲ್ಲಿರುತ್ತದೆ ಎಂದು ಬಲ್ಲವರು ಬಿಡಿಸಿ ಹೇಳದೆಯೇ ತಿಳಿದುಕೊಳ್ಳುತ್ತಾರೆ.

ಇಷ್ಟೆಲ್ಲ ಓದಿದ ಮೇಲೂ ನನ್ನನ್ನು ಕಾಡುವುದು ಆ ಮುಹೂರ್ತ ಎಂಬ ಸಾಲೇ. ಅದು ಯಾವುದರ ಮುಹೂರ್ತ ಎಂದು ಕಾರ್ಡು ಹೇಳುವುದಿಲ್ಲ. ನಮ್ಮವರಲ್ಲಿ ಗಂಡು ಹೆಣ್ಣಿನ ನಡುವೆ ಹಿಡಿದ ಅಂತರಪಟವನ್ನು ಇಳಿಸಿದ ತಕ್ಷಣ ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ, ಪುರೋಹಿತರು ಗಡಿಯಾರ ನೋಡುವುದು ಅದಕ್ಕೆ. ಧಾರೆಯ ಮದುವೆಗಳಲ್ಲಿ ಜೋಡಿಸಿದ ಕೈಗಳ ಮೇಲೆ ಹಾಲು ಎರೆಯುವ ಗಳಿಗೆ ದೊಡ್ಡದು. ಬಂದ ಜನಕ್ಕೆಲ್ಲ ಮಾತ್ರ ತಾಳಿ ಕಟ್ಟುವುದೇ ಮುಹೂರ್ತ. ಓಲಗದವರು ಗಟ್ಟಿಮೇಳ ಬಾರಿಸುವುದು, ಅಕ್ಷತೆ ಹಾರುವುದು, ಫೋಟೋದವನು ಎಲ್ಲರಿಗೂ ಅಡ್ಡ ನಿಲ್ಲುವುದು ಆಗಲೇ. ಈ ಎಲ್ಲವೂ ಒಂದೇ ನಿಮಿಷಕ್ಕೆ ಆಗುವಂಥವಲ್ಲ. ಕಾರ್ಡಿನಲ್ಲಿ 9.15ರಿಂದ 10.20 ಎಂದು ಒಂದು ಗಂಟೆಯ ಮೇಲೆ ಜಾಗ ಬಿಟ್ಟಿರುವುದು ಇವೆಲ್ಲ ಅದರೊಳಗೆ ಹಿಡಿಯಲಿ ಎಂದೇ.

ಆದರೆ ಕಾನೂನು ಕಾಯುವುದು ಇವು ಯಾವುದಕ್ಕೂ ಅಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ, ಸಪ್ತಪದಿ ಇರುವ ಪದ್ಧತಿಯವರಲ್ಲಿ ಏಳನೆಯ ಹೆಜ್ಜೆ ಇಟ್ಟಾಗಲೇ ಮದುವೆ ಪೂರ್ಣವಾಗುವುದು. ನಾನು ಕಾರ್ಡನ್ನು ಮೇಲಿಂದ ಕೆಳಗೆ ಮತ್ತೆ ಹುಡುಕಿದೆ, ಬೆರಳಿಲ್ಲದ ಫೋಟೋದಲ್ಲೂ ಹುಡುಕಿದೆ. ಸಪ್ತಪದಿಯ ಹೆಸರಿಲ್ಲ. ಕಾಶಿಯಾತ್ರೆಗೆ ಹೊತ್ತು ಕೊಟ್ಟಿದ್ದಾರೆ, ಊಟಕ್ಕೆ ಕೊಟ್ಟಿದ್ದಾರೆ, ಇದಕ್ಕಿಲ್ಲ. ಕಾರಣ ಕೇಳಿದರೆ ಚಿಕ್ಕಮ್ಮ, "ಅಷ್ಟು ಹೊತ್ತಿಗೆ ಯಾರಿರ್ತಾರೋ ಮೇಲೆ?" ಎಂದರು.

ಮದುವೆಗೆ ಹೋದಾಗ ಪರೀಕ್ಷಿಸಿದೆ. ತಾಳಿ ಹತ್ತಕ್ಕೆ ಮುಂಚೆಯೇ ಆಯಿತು. ಲಾಜಾಹೋಮಕ್ಕೆ ಹೊಗೆ ಏಳುವ ಹೊತ್ತಿಗೆ ಕುರ್ಚಿಗಳು ಖಾಲಿಯಾಗಿದ್ದವು. ಪುರೋಹಿತರು ಹೆಜ್ಜೆ ಎಣಿಸುವಾಗ ವೇದಿಕೆಯ ಮೇಲೆ ಎರಡೂ ಕಡೆಯ ಅಪ್ಪ ಅಮ್ಮ, ಸೋದರಮಾವ, ವಿಡಿಯೋದವನು, ಮತ್ತು ನಾನು. ಐದನೆಯ ಹೆಜ್ಜೆಗೆ ಚಿಕ್ಕಮ್ಮ ಕೆಳಗಿನಿಂದ ಫೋನ್ ಮಾಡಿ, ಮೊದಲನೇ ಪಂಕ್ತಿಗೆ ಎಲೆ ಹಾಕುತ್ತಿದ್ದಾರೆ, ಪಕ್ಕದ ಜಾಗಕ್ಕೆ ಕರವಸ್ತ್ರ ಹಾಕಿ ಹಿಡಿದಿದ್ದೇನೆ, ಬೇಗ ಬಾ ಎಂದರು. ಇನ್ನೆರಡು ಹೆಜ್ಜೆ ತಡೆಯಿರಿ, ಮದುವೆ ಆಗಿಲ್ಲ ಎಂದೆ.

"ಚಿರೋಟಿ ಮುಗಿದರೆ ನಾನು ಜವಾಬ್ದಾರಳಲ್ಲ" ಎಂದು ಫೋನ್ ಇಟ್ಟರು.